ಹುಳದ ಮನೆಯ ಮೇಲೆ ಮೂವತ್ತು ಮೀಟರ್

ಡ್ರೋನ್ ಹಾರಿಸುವವರು ಸದಾ ಆಕಾಶ ನೋಡುತ್ತಿರುತ್ತಾರೆ ಎಂದುಕೊಂಡವರು ಭಾರತೀನಗರದ ರೂಪಳನ್ನು ನೋಡಿಲ್ಲ. ಅವಳು ನೋಡುವುದು ಕಾಗದವನ್ನು. ಸ್ವಸಹಾಯ ಸಂಘದಿಂದ ತರಬೇತಿಗೆ ಹೋಗಿ, ಪೈಲಟ್ ಸರ್ಟಿಫಿಕೇಟ್ ತಂದು, ಎರಡು ವರ್ಷದಿಂದ ಭತ್ತದ ಗದ್ದೆಗಳಿಗೆ ಡ್ರೋನಿನಲ್ಲಿ ಔಷಧಿ ಹೊಡೆಯುತ್ತಿದ್ದಾಳೆ. ಯಾರ ಗದ್ದೆ, ಎಷ್ಟು ಎತ್ತರ, ಗಾಳಿ ಎಷ್ಟು, ಎಲ್ಲ ಬರೆದಿಡುತ್ತಾಳೆ. ಒಮ್ಮೆಯೂ ಕರೆಂಟ್ ತಂತಿಗೆ ತಗುಲಿಸಿದವಳಲ್ಲ. ಅದರ ಜಂಬ ಅವಳಿಗೆ ಇತ್ತು. ಇರಲಿ ಬಿಡಿ, ಜಂಬಪಡುವಂಥ ಕೆಲಸವೇ.

ನಾಲೆ ಬಯಲಿನ ಬೇಸಾಯದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಮೈಸೂರಿನಿಂದ ಬಂದ ಸ್ಪಂದನಾ ಅವಳಿಗೆ ಕ್ಯಾಮೆರಾ ಡ್ರೋನಿನ ಕೆಲಸ ಕೊಟ್ಟಳು. ಮೊದಲ ದೃಶ್ಯ ಚೆನ್ನಾಗಿ ಬಂದರೆ ಇಡೀ ಚಿತ್ರದ ಡ್ರೋನ್ ಕೆಲಸ ರೂಪಳದೇ. ಅದು ಅವಳಿಗೆ ಬೇಕೇ ಬೇಕಿತ್ತು.

ಸ್ಕ್ರಿಪ್ಟಿನಲ್ಲಿ ಹೀಗಿತ್ತು: "ನಾಲೆ ಏರಿಯಿಂದ ಹದಿನೈದು ಮೀಟರ್ ಮೇಲೇಳುವುದು. ಚಲುವರಾಜು ಅವರ ಕಬ್ಬಿನ ಗದ್ದೆ ದಾಟಿ, ಹಿಪ್ಪುನೇರಳೆ ತೋಟದ ಮೇಲೆ ಮೂರು ಮೀಟರಿಗೆ ಇಳಿದು, ರೇಷ್ಮೆ ಹುಳದ ಮನೆಯ ಮುಂದೆ ನಿಲ್ಲುವುದು. ಅನುಮತಿ: ಹಸಿರು ವಲಯ, ಬೇಕಿಲ್ಲ."

ರೂಪ ಕೆಂಪು ಪೆನ್ನು ತೆಗೆದಳು. ಕಬ್ಬಿಗೂ ತೋಟಕ್ಕೂ ನಡುವೆ ಕರೆಂಟ್ ಲೈನ್ ಇದೆ, ಹದಿನೈದು ಸಾಲದು, ಮೂವತ್ತು. ತೋಟದ ಮೇಲೆ ಮೂರು ಮೀಟರಿಗೆ ಇಳಿದರೆ ರೆಕ್ಕೆಯ ಗಾಳಿಗೆ ಸೊಪ್ಪಿನ ಮೇಲೆಲ್ಲ ಧೂಳು, ಅಲ್ಲೂ ಮೂವತ್ತೇ. ಅನುಮತಿಯ ಮುಂದೆ ಬರೆದಳು: "ತೋಟದ ಮರಿತಾಯಮ್ಮ. ಕೇಳಬೇಕು."

"ಸರ್ಕಾರದ ಡ್ರೋನ್ ಮ್ಯಾಪಲ್ಲಿ ಹಸಿರು ತೋರಿಸ್ತಿದೆಯಲ್ಲ ರೂಪ, ನೂರಿಪ್ಪತ್ತು ಮೀಟರ್‌ವರೆಗೆ ಯಾರನ್ನೂ ಕೇಳಬೇಕಿಲ್ಲ" ಎಂದಳು ಸ್ಪಂದನಾ.

"ಕಾನೂನಿಗೆ ಬೇಕಿಲ್ಲ ಮೇಡಂ. ಹುಳಕ್ಕೆ ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಂಜೆ ಇಬ್ಬರೂ ಹೋದಾಗ ಮರಿತಾಯಮ್ಮ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತರು. ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುವ ಹೊತ್ತು. ಒಂದು ತೊಟ್ಟು ಔಷಧಿ ತಗುಲಿದರೂ ಇಡೀ ಬೆಳೆ ಕೈಕೊಡುತ್ತದೆ.

"ನೀನಾ? ಔಷ್ದಿ ಒಡೆಯೋಳು! ಆ ಮಿಸಿನ್ನ ನನ್ ತ್ವಾಟದ್ ಮ್ಯಾಲೆ ಬುಡಕ್ಕಿಲ್ಲ, ಓಗವ್ವ."

"ಇದು ಬ್ಯಾರೆ ಕಣಮ್ಮ, ಬರೀ ಕ್ಯಾಮ್ರ. ನೋಡಿ, ಟ್ಯಾಂಕೇ ಇಲ್ಲ."

ಮರಿತಾಯಮ್ಮ ಡ್ರೋನನ್ನು ಹಿಂದೆ ಮುಂದೆ ತಿರುಗಿಸಿ ಮೂಸಿ ನೋಡಿದರು. ನಾಲ್ಕು ಎಲೆ ಕಿತ್ತು ತಂದರು. "ತಗೊ, ಇದ್ರಲ್ಲಿ ಮಿಸಿನ್ನೆಲ್ಲ ಒರ್ಸು. ಅತ್ತು ಹುಳಕ್ ಆಕ್ತೀನಿ. ಬದುಕ್ಕೊಂಡ್ರೆ ಬೆಳಗ್ಗೆ ಯೋಳ್ತೀನಿ."

ರೂಪ ಕೈ ಹಿಂದೆ ಎಳೆದುಕೊಂಡಳು. "ನನ್ ಕೈ ಬ್ಯಾಡಿ ಕಣಮ್ಮ. ಮೊನ್ನೆ ಪಕ್ಕದ್ ಗದ್ದೆಗೆ ಔಷ್ದಿ ಒಡ್ದಿವ್ನಿ. ನೀವೇ ಒರ್ಸಿ."

ಮರಿತಾಯಮ್ಮ ತಾವೇ ಒರೆಸಿ ಎಲೆಗಳನ್ನು ಒಳಗೆ ಒಯ್ದರು. ಬೆಳಗಿನವರೆಗೆ ಕಾಯಬೇಕೆಂದು ಸ್ಪಂದನಾಗೆ ಕೋಪ ನೆತ್ತಿಗೇರಿತು. ದಾರಿಯಲ್ಲಿ ಅಂದೇಬಿಟ್ಟಳು: "ಇರೋದು ನಾಳೆ ಬೆಳಗಿನ ಬಿಸಿಲು ಒಂದೇ. ಅವರು ಆಗಲ್ಲ ಅಂದ್ರೆ ಮಂಡ್ಯದಿಂದ ಬೇರೆ ಪೈಲಟ್‌ನ ಕರೆಸ್ತೀನಿ."

"ಕರೆಸಿ ಮೇಡಂ. ಕೇಳದೆ ನಾನಂತೂ ಆರ್ಸಕಿಲ್ಲ" ಎಂದಳು ರೂಪ. ಹೇಳಿದ್ದು ಗಟ್ಟಿಯಾಗಿಯೇ, ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಬೆಳಿಗ್ಗೆ ಹೋದಾಗ ಹತ್ತು ಹುಳವೂ ಎಲೆಯ ನರ ಮಾತ್ರ ಉಳಿಸಿ ತಿಂದು, ಇನ್ನೂ ಬೇಕೆಂದು ತಲೆ ಎತ್ತಿದ್ದವು. "ಆರ್ಸವ್ವ, ಬರ್ಕೊ ನನ್ ಎಸ್ರು" ಎಂದರು ಮರಿತಾಯಮ್ಮ. ರೂಪ ನಗುತ್ತಾ ಪೆನ್ನು ತೆಗೆದಳು.

"ಒಂದ್ ಮಾತು ಕೇಳ್ತೀನಿ. ಪಟ ತಗ್ಯಕ್ಕೆ ನನ್ ಅಪ್ಣೆ ಕೇಳಕ್ ಬಂದೆ. ಮೊನ್ನೆ ಪಕ್ಕದಲ್ಲಿ ಔಷ್ದಿ ಒಡಿಯೋವಾಗ ಯಾಕ್ ಕೇಳಕ್ ಬರ್ನಿಲ್ಲ?"

ಪೆನ್ನು ಅಲ್ಲೇ ನಿಂತಿತು. ಎರಡು ವರ್ಷದ ಆ ಅಷ್ಟೂ ಕಾಗದಗಳಲ್ಲಿ ಗದ್ದೆಯವನ ಹೆಸರಿತ್ತು. ಪಕ್ಕದ ತೋಟದವರ ಹೆಸರು ಒಂದರಲ್ಲೂ ಇರಲಿಲ್ಲ. ರೂಪಳಿಗೆ ನಾಚಿಕೆಯಾಯಿತು.

"ಅದು ತಲೇಗೇ ಒಳೀನಿಲ್ಲ ಕಣಮ್ಮ. ತಪ್ಪಾಯ್ತು."

"ಅವತ್ತು ಗಾಳಿ ಆ ಕಡೀಕ್ ಬೀಸ್ತು. ನನ್ ಪುಣ್ಯ" ಎಂದು ಮರಿತಾಯಮ್ಮ ಸೊಪ್ಪು ಹಾಕಲು ಒಳಗೆ ಹೋದರು.

ಡ್ರೋನ್ ಏರಿಯಿಂದ ಎದ್ದು, ಕಬ್ಬು ದಾಟಿ, ಲೈನ್ ದಾಟಿ, ಮೂವತ್ತು ಮೀಟರಿನಲ್ಲಿ ತೋಟದ ಮೇಲೆ ಹಾಯಾಗಿ ಸಾಗಿತು. ಒಂದು ಎಲೆಯೂ ಅಲುಗಲಿಲ್ಲ. ತೆರೆಯಲ್ಲಿ ಅದನ್ನು ನೋಡಿ ಸ್ಪಂದನಾ ನಿನ್ನೆಯ ಕೋಪ ಮರೆತಳು. "ಮಿಕ್ಕಿದ್ದೂ ನೀವೇ ಮಾಡಿ ರೂಪ" ಎಂದಳು.

ರೂಪ ತಲೆಯಾಡಿಸಿದಳು, ಆದರೆ ಅವಳ ಕೈ ಆಗಲೇ ಫೋನಿನ ಮೇಲಿತ್ತು. ಮರುದಿನ ಆ ತೋಟದ ಇನ್ನೊಂದು ಮಗ್ಗುಲಿನ ಮಹದೇವಣ್ಣನ ಗದ್ದೆಗೆ ಔಷಧಿ ಹೊಡೆಯಬೇಕಿತ್ತು.

"ಮಹದೇವಣ್ಣ, ನಾಳೀಕ್ ನಾನ್ ಬರಕ್ಕಿಲ್ಲ. ಮರಿತಾಯಮ್ಮೋರ್ ಹುಳ ಗೂಡ್ ಕಟ್ಲಿ, ಆಮ್ಯಾಕೆ ಅವರ್ನ ಕೇಳ್ಕೊಂಡು ಬತ್ತೀನಿ."