ಒಂದೇ ಮಾತಿನ ಉತ್ತರ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ವಾರ್ಡಿನಲ್ಲಿ ಓಡಾಡುತ್ತಲೇ ಕೂದಲು ನೆರೆದಿತ್ತು. ಮಂಡಿ ಸವೆದು ಮೆಟ್ಟಿಲು ಹತ್ತಲಾಗದೆ ಹೋದಾಗ ಮೇಲಿನವರು ಆಕೆಯನ್ನು ಕೆಳಗಿನ ಒಂದು ಕೋಣೆಗೆ ಹಾಕಿದರು. ಅಲ್ಲಿ ಪ್ರೋಗ್ರಾಮರ್ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಕೂತಿರುತ್ತಿದ್ದಳು. ಸಕ್ಕರೆ ಕಾಯಿಲೆಯವರು ಮನೆಯಿಂದಲೇ ಫೋನಿನಲ್ಲಿ ಪ್ರಶ್ನೆ ಕೇಳಲೆಂದು ಆಸ್ಪತ್ರೆ ಚಾಟ್‌ಬಾಟ್ ಒಂದನ್ನು ಮಾಡಿಸಿತ್ತು. ಮೊದಲು ಫೋನೆತ್ತಿ ಉತ್ತರ ಹೇಳಲು ನರ್ಸ್ ಒಬ್ಬಳಿದ್ದಳು. ಆ ಲೈನನ್ನು ಆಗಲೇ ಮುಚ್ಚಿದ್ದರು.

ಆದರೆ ಬಾಟ್ ಕಡೆಗೆ ಯಾರೂ ಸುಳಿಯುತ್ತಿರಲಿಲ್ಲ. ಬರುವ ರೋಗಿಗಳಲ್ಲಿ ಹೆಚ್ಚಿನವರು ವಯಸ್ಸಾದವರು. ಓದಲು ಬಂದವರಿಗೆ ಕಣ್ಣು ಮಂಜು, ಕಣ್ಣು ಚೆನ್ನಾಗಿದ್ದವರಿಗೆ ಓದು ಬಾರದು. ಏನು ತಪ್ಪಿದೆಯೆಂದು ತಿಳಿಯಲು ಸಿಸ್ಟರೂ ಹುಡುಗಿಯೂ ಫೋನು ಹಿಡಿದು, ರೋಗಿಗಳು ಕಾಯುವ ಬೆಂಚುಗಳ ಬಳಿಗೆ ಹೋಗಿ ಕೂತರು.

ಅಲ್ಲಿ ಅವರಿಗೆ ಸಿಕ್ಕವರು ಬೀಗದ ತಾತ. ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಬೀಗ ರಿಪೇರಿ ಮಾಡಿ, ಕೀಲಿ ಮಾಡಿಕೊಡುತ್ತಿದ್ದವರು. ಅಕ್ಷರ ಗೊತ್ತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆಯಲ್ಲಿದ್ದರು. ಡಾಕ್ಟರು ಆಗಷ್ಟೇ ಅವರಿಗೆ ಸಕ್ಕರೆ ಇಳಿಸುವ ಹೊಸ ಮಾತ್ರೆ ಶುರು ಮಾಡಿದ್ದರು. ಹುಡುಗಿ ಫೋನು ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರ ಬಾಯಿ ಯಾವ ಕಡೆಗಮ್ಮಾ?"

ಅಂದೇ ತೆರೆಯ ಮೇಲಿದ್ದ ಅಷ್ಟೂ ಗುಂಡಿಗಳನ್ನು ತೆಗೆದು ಒಂದೇ ದೊಡ್ಡ ಗುಂಡಿ ಇಡಲು ಹುಡುಗಿ ತೀರ್ಮಾನಿಸಿದಳು. ಅದನ್ನು ಒತ್ತಿ ಹಿಡಿದು ಮಾತಾಡಬೇಕು, ಬಿಟ್ಟರೆ ಉತ್ತರ ಕೇಳಿಸುತ್ತದೆ. ಆಡಿದ ಮಾತನ್ನು ಯಂತ್ರ ಬರಹ ಮಾಡಿಕೊಳ್ಳುತ್ತದೆ, ತನಗೆ ಗೊತ್ತಿರುವ ಪ್ರಶ್ನೆಗಳಲ್ಲಿ ಅದಕ್ಕೆ ಹತ್ತಿರದ್ದನ್ನು ಹುಡುಕುತ್ತದೆ, ಅದಕ್ಕೆಂದು ಮೊದಲೇ ಬರೆದಿಟ್ಟ ಉತ್ತರವನ್ನು ಓದಿ ಹೇಳುತ್ತದೆ. ಆ ಉತ್ತರಗಳನ್ನು ಬರೆಯುವ ಕೆಲಸ ದೊಡ್ಡ ಸಿಸ್ಟರದು.

ಮೊದಲ ಸಲ ಅದನ್ನು ಕೇಳಿಸಿಕೊಂಡ ತಾತ ಫೋನನ್ನು ಕಿವಿಯಿಂದ ದೂರ ಹಿಡಿದರು. "ಇದೇನು ಸಿಸ್ಟರ್, ಒಂದು ಕೇಳಿದ್ರೆ ಪುರಾಣ ಶುರು ಮಾಡುತ್ತೆ. ಕೊನೆಗೆ ಬರೋಷ್ಟರಲ್ಲಿ ಮೊದಲಿಂದು ಮರ್ತೇ ಹೋಯ್ತು."

ಸಿಸ್ಟರ್ ತಾವು ಬರೆದ ಉತ್ತರಗಳಿಗೆ ಕತ್ತರಿ ಹಾಕಲು ಕೂತರು. "ಸೇವಿಸಬೇಕು" ಎಂದಿದ್ದಲ್ಲಿ "ತಗೊಳ್ಳಿ" ಬಂತು. "ಆಹಾರ" ಹೋಗಿ "ಊಟ, ತಿಂಡಿ" ಆಯಿತು. ಒಂದು ಸಲಕ್ಕೆ ಒಂದೇ ಮಾತು. ಬೆಳಗಿನ ಮಾತ್ರೆಯ ಬಗ್ಗೆ ಕೇಳಿದರೆ, "ಹೌದು, ಒಂದು ಮಾತ್ರೆ ತಗೊಳ್ಳಿ" ಎಂದು ಹೇಳಿ ಬಾಟ್ ಸ್ವಲ್ಪ ಸುಮ್ಮನಾಗುತ್ತಿತ್ತು. ಆಮೇಲೆ, "ತಿಂಡಿ ತಿನ್ನದೆ ಇದ್ದರೆ ಮಾತ್ರೆ ಬೇಡ" ಎನ್ನುತ್ತಿತ್ತು.

ತಾತನಿಗೆ ಇದು ಹಿಡಿಸಿತು. ಬೆಂಚಿನಲ್ಲಿ ಪಕ್ಕದವರಿಗೆ ತಾವೇ ಹೇಳಿಕೊಡತೊಡಗಿದರು. ಬಾಟ್ "ತಗೊಳ್ಳಿ" ಎಂದೊಡನೆ "ಆಯ್ತಮ್ಮಾ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಫೋನನ್ನು ಜೇಬಿಗೆ ಇಳಿಸುವರು. ಎರಡನೆಯ ಮಾತು ಜೇಬಿನೊಳಗೆ ಗೊಣಗುಟ್ಟುತ್ತಿತ್ತು. ಹುಡುಗಿ ನಕ್ಕಳು, ಸಿಸ್ಟರೂ ನಕ್ಕರು. ಅದು ನಗುವ ವಿಷಯವಲ್ಲವೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಬಾಟ್ ಎಲ್ಲರ ಫೋನಿಗೂ ಹೋಯಿತು. ಜನ ಮಾತಾಡತೊಡಗಿದರು. ದೊಡ್ಡ ಡಾಕ್ಟರು ಮೀಟಿಂಗಿನಲ್ಲಿ ಸಿಸ್ಟರನ್ನು ಹೊಗಳಿದರು. ಮಂಡಿ ಕೈಕೊಟ್ಟ ಮೇಲೆ ತಾನು ಯಾರಿಗೂ ಬೇಡವಾದೆ ಎಂದು ಕೊರಗುತ್ತಿದ್ದ ಆಕೆ, ಬಹಳ ಕಾಲದ ನಂತರ ಮನೆಗೆ ಹೋಗಿ ತಂಗಿಯ ಹತ್ತಿರ ಕೆಲಸದ ಸುದ್ದಿ ಹೇಳಿಕೊಂಡರು.

ಮಳೆಗಾಲದಲ್ಲಿ ತಾತನನ್ನು ಎಮರ್ಜೆನ್ಸಿಗೆ ತಂದರು. ಜ್ವರ ಬಂದು ಮನೆಯಲ್ಲೇ ಮಲಗಿದ್ದರಂತೆ. ಮಗಳು ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಸಂಜೆ ಮನೆಗೆ ಬಂದಾಗ ಮೈಯೆಲ್ಲ ಬೆವರಿ, ಎಚ್ಚರವಿಲ್ಲದೆ ಬಿದ್ದಿದ್ದರು. ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು. ಗ್ಲೂಕೋಸ್ ಏರಿಸಿದರು. ಸಕ್ಕರೆ ಮೇಲೆ ಬಂತು, ತಾತನಿಗೆ ಎಚ್ಚರ ಬರಲಿಲ್ಲ. ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿರಲಿಲ್ಲ. ಕೆಲವು ದಿನ ಹಾಗೆಯೇ ಇದ್ದು ಹೋಗಿಬಿಟ್ಟರು.

ಸಿಸ್ಟರ್ ಕೆಳಗಿನ ಕೋಣೆಗೆ ಬಂದು ಬಾಗಿಲು ಹಾಕಿದರು. "ತಾತ ಆವತ್ತು ಏನಾದ್ರೂ ಕೇಳಿದ್ರಾ ನೋಡು."

ಹುಡುಗಿ ಬಾಟ್ ಉಳಿಸಿಕೊಂಡಿದ್ದ ದನಿಗಳಲ್ಲಿ ಹುಡುಕಿದಳು, ಆಮೇಲೆ ಕೈಯನ್ನು ಕೀಬೋರ್ಡಿನಿಂದ ತೆಗೆದಳು. "ಸಿಸ್ಟರ್, ಕೇಳಲೇಬೇಕಾ?"

"ಹಾಕಮ್ಮ."

ತಾತನ ಸೋತ ದನಿ, ಆದರೂ ಸ್ಪಷ್ಟವಾಗಿತ್ತು. "ಅಮ್ಮಾ, ಜ್ವರ. ನಿನ್ನೆಯಿಂದ ಏನೂ ಸೇರ್ತಿಲ್ಲ. ಬೆಳಗಿನ ಮಾತ್ರೆ ತಗೊಳ್ಲಾ?"

ಯಂತ್ರ ಒಂದಕ್ಷರವೂ ತಪ್ಪದೆ ಬರೆದುಕೊಂಡಿತ್ತು. ಆದರೆ "ತಿಂದಿಲ್ಲ", "ಊಟ ಮಾಡಿಲ್ಲ" ಎಂದರೆ ಮಾತ್ರ ಅದಕ್ಕೆ ಗೊತ್ತು. "ಸೇರ್ತಿಲ್ಲ" ಎಂಬ ಮಾತನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಉಳಿದದ್ದು ಬೆಳಗಿನ ಮಾತ್ರೆಯ ಪ್ರಶ್ನೆ. ಹೌದು, ಒಂದು ಮಾತ್ರೆ ತಗೊಳ್ಳಿ, ಎಂದಿತ್ತು. ಎರಡನೆಯ ಮಾತು ಶುರುವಾಗುವ ಮೊದಲೇ ತಾತ ಫೋನು ಮುಚ್ಚಿದ್ದರು.

"ನಾನೂ ದಿನಾ ಹಾಗೇ ಅಂತೀನಿ," ಎಂದರು ಸಿಸ್ಟರ್. "ನಮ್ಮನೇಲಿ ಎಲ್ರೂ ಅಂತಾರೆ, ಏನೂ ಸೇರ್ತಿಲ್ಲ ಅಂತ. ಬರೆಯೋವಾಗ ನೆನಪೇ ಬರಲಿಲ್ಲ."

ಏನಾಯಿತೆಂದು ವಿಚಾರಿಸಲು ಮಗಳು ಬಂದದ್ದು ತಾತನ ಕಾರ್ಯಗಳೆಲ್ಲ ಮುಗಿದ ಮೇಲೆ. ಏನೂ ಹೇಳಬಾರದೆಂದು ಮೇಲಿನಿಂದ ಸೂಚನೆ ಬಂದಿತ್ತು. ಆದರೂ ಸಿಸ್ಟರ್ ಆಕೆಯನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿದರು. ಮಗಳು ಅಳಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಅಂದ್ರೆ ಅಪ್ಪ ಹೇಳಿದ್ರು."

"ಹೇಳಿದ್ರಮ್ಮ."

"ಉಂಡಿಲ್ಲ ಅಂತ ಹೇಳಿಯೇ ಕೇಳಿದ್ರು. ಸುಮ್ನೆ ನುಂಗಲಿಲ್ಲ."

"ಇಲ್ಲ. ಕೇಳಿಯೇ ತಗೊಂಡ್ರು."

"ನಾನು ಬಯ್ತಿದ್ದೆ, ಕೇಳದೆ ಏನೂ ತಗೋಬೇಡ ಅಂತ," ಎಂದಳು ಮಗಳು. ಎದ್ದು ಹೋದಳು. ಸಿಸ್ಟರ್ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಾಟಿದ್ದಳು.

ಆಮೇಲೆ ಸಿಸ್ಟರೂ ಹುಡುಗಿಯೂ ಊಟದ ವೇಳೆಯಲ್ಲೂ ಏಳದೆ ಬಾಟನ್ನು ತಿದ್ದಿದರು. ಮಾತ್ರೆಯ ಮಾತೆತ್ತಿದರೆ ಬಾಟ್ ಈಗ ಉತ್ತರಿಸುವ ಮೊದಲೇ ಕೇಳುತ್ತಿತ್ತು: "ಇವತ್ತು ಏನಾದ್ರೂ ತಿಂದ್ರಾ?" ಹೌದು ಎನ್ನದೆ "ತಗೊಳ್ಳಿ" ಬಾರದು. ಇಲ್ಲ ಎಂದರೆ, ಅಥವಾ ಹೇಳಿದ್ದು ಅರ್ಥವಾಗದಿದ್ದರೆ, "ಈಗ ಮಾತ್ರೆ ಬೇಡ" ಎಂದು ಹೇಳಿ ನರ್ಸ್‌ಗೆ ಫೋನು ಹಚ್ಚಬೇಕು. ಹಸಿವಿಲ್ಲ, ಬಾಯಿಗೆ ರುಚಿಯಿಲ್ಲ, ಗಂಟಲಲ್ಲಿ ಇಳೀತಿಲ್ಲ, ವಾಂತಿ ಆಯ್ತು, ಸೇರ್ತಿಲ್ಲ. ಇವನ್ನೆಲ್ಲ ಬೆಂಚಿನ ಮೇಲಿನ ಮುದುಕಿಯರ ಬಾಯಿಂದಲೇ ಕೇಳಿ ಸೇರಿಸಿದರು.

ಮೀಟಿಂಗಿನಲ್ಲಿ ದೊಡ್ಡ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಫೋನು ಹಚ್ಚೋಕೆ ನರ್ಸ್ ಎಲ್ಲಿದ್ದಾರೆ, ಸಿಸ್ಟರ್?"

"ನಾನು ಕೂತ್ಕೊಳ್ತೀನಿ ಸರ್."

"ನೀವೊಬ್ಬರೇ ಎಷ್ಟು ಹೊತ್ತು?"

ಮಾತ್ರೆಯ ಪ್ರಶ್ನೆಗಳನ್ನೇ ಬಾಟಿನಿಂದ ತೆಗೆಯಬೇಕೆಂದು ತೀರ್ಮಾನವಾಯಿತು. ಆ ಜಾಗಕ್ಕೆ ಆಫೀಸಿನವರು ತಾವೇ ಬರೆದ ಉತ್ತರ ಕಳಿಸಿದರು. ತಿದ್ದಿದ ಬಾಟ್ ಯಾರ ಫೋನಿಗೂ ಹೋಗದೆ ಕಂಪ್ಯೂಟರಿನಲ್ಲೇ ಉಳಿಯಿತು. ಹುಡುಗಿಯನ್ನು ಬೇರೆ ಕೆಲಸಕ್ಕೆ ಕಳಿಸಿದರು. ಸಿಸ್ಟರ್ ತಾವಾಗಿಯೇ ಇಂಜೆಕ್ಷನ್ ಕೋಣೆ ಕೇಳಿ ತೆಗೆದುಕೊಂಡರು.

ಒಂದು ಬೆಳಿಗ್ಗೆ ಕುಂಟುತ್ತ ಅಲ್ಲಿಗೆ ಹೋಗುವಾಗ, ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಫೋನು ಬಾಯಿಗೆ ಹತ್ತಿರ ಹಿಡಿದು ಕೇಳುತ್ತಿದ್ದಳು. "ತಲೆ ತಿರುಗ್ತಾ ಇದೆ, ಮಾತ್ರೆ ನುಂಗ್ಲಾ?" ಫೋನು ಇಂಪಾಗಿ ಉತ್ತರಿಸಿತು: "ಔಷಧ ಸೇವನೆಗೆ ಸಂಬಂಧಿಸಿದ ಯಾವುದೇ ಮಾಹಿತಿಗಾಗಿ ದಯವಿಟ್ಟು ತಮ್ಮ ವೈದ್ಯರನ್ನು ಸಂಪರ್ಕಿಸತಕ್ಕದ್ದು."

ಮುದುಕಿ ಸುತ್ತ ನೋಡಿ, ಬಿಳಿ ಬಟ್ಟೆಯ ಆಕೆಯ ಕೈ ಹಿಡಿದಳು. "ಏನಂತು ಸಿಸ್ಟರ್ ಅದು? ತಗೋ ಅಂತಾ, ಬೇಡ ಅಂತಾ?"

"ಏನೂ ಹೇಳ್ಲಿಲ್ಲಮ್ಮ," ಎಂದರು ಸಿಸ್ಟರ್. ಅವಳ ಪಕ್ಕದಲ್ಲೇ ಕೂತು ಕೇಳಿದರು: "ಇವತ್ತು ಏನಾದ್ರೂ ತಿಂದ್ರಾ?"