ಕೊಬ್ಬರಿ ಇಳಿದ ಮೇಲೆ

ನನ್ನ ಬಿಳಿ ಸೀರೆಯ ಮೇಲೆ ಮಸಿಯ ಗೆರೆಯೊಂದನ್ನು ಎಳೆದಂತೆ ಕಾಣುತ್ತಿತ್ತು. ಲೇಡಿ ಡಾಕ್ಟರು ರೌಂಡಿಗೆ ಬಂದವರು ಅದನ್ನು ನೋಡಿದರು, ರೋಗಿಗಳ ಎದುರಿಗೇ ಕೇಳಿದರು: "ಸಿಸ್ಟರ್, ನೀವು ಡ್ಯೂಟಿಗೆ ಬಂದಿದ್ದೋ, ಒಲೆ ಸಾರಿಸಿ ಎದ್ದು ಬಂದಿದ್ದೋ?" ವಾರ್ಡಿನಲ್ಲಿ ಯಾರೋ ನಕ್ಕರು.

ನಾನು ನರ್ಸಿಂಗ್ ಕಲಿತ ಹಾಸ್ಟೆಲ್ಲಿನಲ್ಲಿ ಸೀರೆಯ ಮಡಿಕೆ ಒಂದು ಬೆರಳು ವಾರೆಯಾದರೂ ಬಿಚ್ಚಿಸಿ ಮತ್ತೆ ಉಡಿಸುತ್ತಿದ್ದರು. ಆ ಶಿಸ್ತನ್ನು ನಾನು ದ್ವೇಷಿಸಲಿಲ್ಲ, ಮೈಗೂಡಿಸಿಕೊಂಡೆ. ಈಗಲೂ ನನ್ನ ಬಟ್ಟೆಗಳು ಬಣ್ಣದ ಕ್ರಮದಲ್ಲಿಯೇ ಮಡಚಿರುತ್ತವೆ. ಅಂಥವಳಿಗೆ ಅಂದು ತುಂಬಿದ ವಾರ್ಡಿನಲ್ಲಿ ಆ ಮಾತು. ಮುಂದೆ ನನ್ನನ್ನು ಕಾಯಂ ಮಾಡುವ ಶಿಫಾರಸು ಬರೆಯಬೇಕಾದವರೂ ಅವರೇ. ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ, ನನ್ನ ಮನೆ ಮಾಲೀಕರ ಮೇಲೆ.

ತಿಪಟೂರಿನ ಆಸ್ಪತ್ರೆಗೆ ಬಂದ ಹೊಸದು. ಎಪ್ಪತ್ತರ ದಶಕ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಬಿಳಿಗೆರೆ ಕಡೆ ತೋಟವಿದ್ದ ಗೌಡರೊಬ್ಬರು ತಮ್ಮ ಹೆಂಚಿನ ಮನೆಯ ಅರ್ಧ ಭಾಗ ಕೊಟ್ಟರು. ಇನ್ನರ್ಧದಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ನನ್ನ ಭಾಗದಲ್ಲಿ ಕರೆಂಟು ಇದ್ದದ್ದು ನಡುಮನೆಯಲ್ಲಿ ಮಾತ್ರ, ಒಂದೇ ಬಲ್ಬು. ಅಡಿಗೆಮನೆ, ಬಚ್ಚಲು, ಮುಂಬಾಗಿಲು ಮೂರೂ ಕತ್ತಲು. ಬಟ್ಟೆ ಇಡಲು ಗೋಡೆಯಲ್ಲಿ ಒಂದು ದೊಡ್ಡ ಗೂಡು ಬಿಟ್ಟಿದ್ದರು, ಅದಕ್ಕೆ ಹಲಗೆಯೂ ಇಲ್ಲ, ಬಾಗಿಲೂ ಇಲ್ಲ.

"ಬೀರು ಮಾಡಿಸ್ಕೊಡ್ತೀನಿ, ಮೂರ್ ಕಡೆ ಲೈಟೂ ಹಾಕಿಸ್ತೀನಿ ಕಣಮ್ಮ. ಕೊಬ್ಬರಿ ಇಳಿದ ತಕ್ಷಣ," ಎಂದಿದ್ದರು ಗೌಡರು. ನಾನು ಒಪ್ಪಿ ಹಾಲುಕ್ಕಿಸಿದೆ.

ನಾನು ಕಡಲ ಕರೆಯವಳು. ನಮ್ಮಲ್ಲಿ ಕಾಯಿ ಒಡೆದು ಹೋಳನ್ನು ಅಂಗಳದ ಬಿಸಿಲಿಗೆ ಹರವಿದರೆ ವಾರದೊಳಗೆ ಕೊಬ್ಬರಿ. ಇನ್ನೇನು, ಹತ್ತು ಹನ್ನೆರಡು ದಿನ ಎಂದುಕೊಂಡೆ. ತಿಪಟೂರಿನ ಸೀಮೆಯಲ್ಲಿ ಕಾಯಿಯನ್ನು ಒಡೆಯುವುದೇ ಇಲ್ಲ ಎಂದು ಯಾರೂ ಹೇಳಲಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರಿಸುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಗೌಡರು ಕಾಯಿ ಏರಿಸಿದ್ದು ನಾನು ಮನೆ ನೋಡಲು ಬರುವ ಹಿಂದಿನ ವಾರ. ಏರಿಸಿದ್ದು ನನ್ನ ಭಾಗದ ಅಟ್ಟಕ್ಕೆ.

ಎರಡು ತಿಂಗಳು ಹಗ್ಗದ ಮೇಲೆ ಸೀರೆ ನೇತುಹಾಕಿದೆ. ಅಟ್ಟದ ಸಂದಿಯಿಂದ ನಾರು, ದೂಳು, ಹಳೆಯ ಮಸಿ, ಇಲಿ ಹಿಕ್ಕೆ ಉದುರುತ್ತಿದ್ದವು. ಮೇಲೊಂದು ಹಳೆಯ ಸೀರೆ ಹೊದಿಸಿದರೂ ಅದನ್ನೂ ತೂರಿ ಬರುತ್ತಿದ್ದವು. ನೆನಪಿಸಿದಾಗಲೆಲ್ಲ ಗೌಡರಿಂದ ಒಂದೇ ಮಾತು: "ಇಳೀಲಿ ತಡೀರಿ ಸಿಸ್ಟ್ರಮ್ಮ." ಒಮ್ಮೆ ಅವರೇ ನನ್ನ ಅಡಿಗೆಮನೆಗೆ ಇಣುಕಿ ಆಕ್ಷೇಪ ತೆಗೆದರು.

"ಸೌದೆ ಒಲೆ ಹಚ್ಚಲ್ವೇನ್ರೀ ನೀವು?"

"ಸೀಮೆಎಣ್ಣೆ ಸ್ಟವ್ ಇದೆಯಲ್ಲ."

"ಅದ್ರಲ್ಲಿ ಹೊಗೆ ಎಲ್ಲಿ ಬತ್ತೈತೆ? ಹೊಗೆ ಆಡಿದ್ರೆ ಕಾಯಿ ಬೇಗ ಒಣಗ್ತೈತೆ, ನಿಮ್ ಬೀರೂ ಬೇಗ ಬತ್ತೈತೆ."

ಬಾಡಿಗೆ ಕೊಟ್ಟು ಅವರ ಕಾಯಿಗೆ ನಾನು ಹೊಗೆ ಹಾಕಬೇಕಿತ್ತು.

ಡಾಕ್ಟರ ಮಾತು ಕೇಳಿದ ಸಂಜೆ ನೇರ ಅವರ ಜಗಲಿಗೆ ಹೋದೆ. ಗೌಡರು ಎಲೆ ಅಡಿಕೆ ಹಾಕುತ್ತಿದ್ದರು.

"ನನಗೆ ತಾರೀಖು ಬೇಕು."

"ಯಾವ್ದಕ್ಕೆ?"

"ಬೀರುವಿಗೆ, ಲೈಟಿಗೆ. ಆ ಮಾತಿನ ಮೇಲೇ ಮನೆಗೆ ಬಂದಿದ್ದೇನೆ."

"ಮಾತು ತಪ್ಪೀನಾ ನಾನು? ಕೊಬ್ಬರಿ ಇಳಿದ ಮೇಲೆ ಅಂದಿದ್ದೆ. ಇಳಿದೈತಾ? ವೈರು ಎಳೆಯೋ ಹುಡ್ಗ ಅಟ್ಟದ ಮೇಲೆ ಹರೀಬೇಕು. ಕಾಯಿ ಮೇಲೆ ತುಳಿದ್ರೆ ಬಿರುಕು ಬುಟ್ಟು ಕೊಳೀತಾವೆ."

"ಬೀರುವಿಗೇನು ಅಡ್ಡಿ? ಅದು ಗೋಡೆಯಲ್ಲಿ ತಾನೆ ಆಗುವುದು?"

ಗೌಡರು ಇನ್ನೊಂದು ಎಲೆಗೆ ಸುಣ್ಣ ಸವರಿದರು. ಉತ್ತರ ಕೊಟ್ಟದ್ದು ಒಳಗಿನಿಂದ ಅವರ ಹೆಂಡತಿ.

"ಹಲಗೆ ಎಲ್ಲೈತೆ ಅಂತ ಹೇಳ್ರೀ ಆ ಅಮ್ಮಂಗೆ. ಮುಚ್ಚಿಡೋದ್ಯಾಕೆ? ನಿಮ್ ಬೀರೂಗೆ ಕೊಯ್ಸಿದ್ ಹಲಗೆ ಅಟ್ಟದ ಮೇಲೇ ಐತೆ ಕಣವ್ವ. ಅದ್ನ ಹಾಸಿ ಅದ್ರ ಮೇಲೇ ಕಾಯಿ ಸುರಿದವ್ರೆ."

ನನ್ನ ಬೀರು ಎರಡು ತಿಂಗಳಿಂದ ನನ್ನ ತಲೆಯ ಮೇಲೆಯೇ ಮಲಗಿತ್ತು, ಅವರ ಕಾಯಿ ಹೊತ್ತುಕೊಂಡು.

ನಾನು ಜಗಳವಾಡಲಿಲ್ಲ. ಮರುದಿನ ನನಗೆ ರಜೆ. ಎಂದಿನಂತೆ ಎದ್ದು, ಸ್ನಾನ ಮುಗಿಸಿ, ತಿಂಡಿ ತಿಂದು, ಪಾತ್ರೆ ತೊಳೆದಿಟ್ಟೆ. ಹಿತ್ತಿಲಿನ ಏಣಿ ತಂದು ಅಟ್ಟಕ್ಕೆ ಒರಗಿಸಿದೆ. ಸೀರೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಬುಟ್ಟಿಗೆ ಹಗ್ಗ ಕಟ್ಟಿ, ಕಾಯಿ ತುಂಬಿ, ಕೆಳಗಿಳಿಸಿ, ಇಳಿದು ಸುರಿದು, ಮತ್ತೆ ಹತ್ತಿದೆ. ನನ್ನ ನಡುಮನೆ ಕಾಯಿಯಿಂದ ತುಂಬತೊಡಗಿತು.

ಗೌಡರು ಓಡಿ ಬಂದರು. "ಏನ್ ಮಾಡ್ತಿದ್ದೀರಿ ನೀವು? ಯಾರ್ನ ಕೇಳಿ ಮುಟ್ಟಿದ್ರಿ?"

"ಕೊಬ್ಬರಿ ಇಳಿದ ಮೇಲೆ ಅಂದಿರಲ್ಲ. ಇಳಿಸುತ್ತಿದ್ದೇನೆ."

ಅವರು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಕೇಳ್ರಿ ಇಲ್ಲಿ. ಇನ್ನೂ ನೀರು ಕುಲುಕ್ತಾ ಐತೆ. ಉಂಡೆ ಆಗಿದ್ರೆ ಲೊಟಲೊಟ ಅಂತಿತ್ತು. ಇದು ಕೊಬ್ಬರಿ ಅಲ್ಲ, ಬರೀ ಕಾಯಿ."

"ಹಾಗಾದರೆ ಕೊಬ್ಬರಿ ಇಳಿಸಲಿಲ್ಲ, ಕಾಯಿ ಇಳಿಸಿದೆ. ನಿಮ್ಮ ಮಾತಿಗೇನೂ ಭಂಗ ಬರಲಿಲ್ಲ. ನಿಮ್ಮ ಕಡೆಯ ಅಟ್ಟ ಖಾಲಿ ಇದೆ, ಅಲ್ಲಿ ಒಣಗಲಿ."

"ನಮ್ ಕಡೆ ಸೋರ್ತೈತೆ."

"ಸೋರುವ ಕಡೆ ನೀವಿರಬಹುದು, ನಿಮ್ಮ ಕಾಯಿ ಇರಬಾರದೇ?" ಎಂದೆ. ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಬಂದು ಬುಟ್ಟಿಯ ಹಗ್ಗ ಹಿಡಿದರು. "ಇಳಿಸ್ರವ್ವ. ಎರಡು ಹೆಂಚು ಹೊದಿಸೋಕೆ ಮೂರ್ ವರ್ಷದಿಂದ ನನಗೂ ತಾರೀಖು ಹೇಳ್ತಾವ್ರೆ."

ಗೌಡರು ಕೈಲಿದ್ದ ಕಾಯಿಯನ್ನು ಮೆಲ್ಲಗೆ ನೆಲಕ್ಕಿಟ್ಟರು. ನಾನು ಬುಟ್ಟಿ ಇಳಿಸುವ ರೀತಿ ನೋಡಲಾಗದೆ, "ಎತ್ತಿ ಹಾಕ್ಬೇಡ್ರಿ, ಮೆತ್ತಗೆ, ಮೆತ್ತಗೆ," ಎನ್ನುತ್ತ ತಾವೇ ಏಣಿ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಅವರ ಆಳುಗಳೂ ಬಂದರು. ಗೌಡರು ಇಡೀ ದಿನ ಗೊಣಗಿದರು. ಸಂಜೆಗೆ ಹೆಂಚೂ ಸರಿಯಾಯಿತು, ಕಾಯಿಯೂ ಆಚೆ ಬದಿಗೆ ಹೋಯಿತು, ಹಲಗೆಗಳು ಕೆಳಗೆ ಬಂದವು.

ಆ ವಾರವೇ ವೈರಿನವನು ಅಟ್ಟದಲ್ಲಿ ಹರಿದು ಮೂರು ಕಡೆ ಹೋಲ್ಡರ್ ಹಾಕಿದ. ಬಚ್ಚಲಿನಲ್ಲಿ ಮೊದಲ ಸಲ ದೀಪ ಹತ್ತಿದಾಗ, ಗೋಡೆ ಎಷ್ಟು ಕೊಳಕಾಗಿದೆಯೆಂದು ಕಂಡು ಅದನ್ನು ತಿಕ್ಕಿ ತೊಳೆದೆ.

ಬಡಗಿ ಮಾತ್ರ ಹಲಗೆ ನೋಡಿ ತಲೆ ಕೆರೆದುಕೊಂಡ. ಕಾಯಿಯ ಭಾರಕ್ಕೆ ಅವು ತೊಟ್ಟಿಲಿನಂತೆ ಬಾಗಿದ್ದವು. ತಟ್ಟಿ, ಉಜ್ಜಿ, ಹೇಗೋ ಬಾಗಿಲು ಕೂರಿಸಿದ. ಒಂದು ಬಾಗಿಲು ಮುಚ್ಚಿದರೆ ಕೆಳಗಿನ ಮೂಲೆ ನಾಲ್ಕು ಬೆರಳು ಹೊರಗೆ ನಿಲ್ಲುತ್ತಿತ್ತು, ಇಲಿ ನೆಟ್ಟಗೆ ನಡೆದು ಹೋಗುವಷ್ಟು. ಗೌಡರನ್ನು ಕರೆದು ತೋರಿಸಿದೆ.

ಅವರು ಬಾಗಿಲನ್ನು ಒಮ್ಮೆ ಒತ್ತಿದರು. ಅದು ಮತ್ತೆ ಹೊರಗೆ ಬಂತು.

"ಹಸಿ ಮರ ಕಣಮ್ಮ. ಒಂದ್ ವರ್ಷ ಹೋಗ್ಲಿ, ಒಣಗಿದ್ರೆ ತಾನಾಗೇ ಕೂತ್ಕೊಳ್ತೈತೆ."

ಅಟ್ಟಕ್ಕೆ ಇನ್ನೂ ಒರಗಿಕೊಂಡಿದ್ದ ಏಣಿಯ ಕಡೆ ನಾನು ನೋಡಿದೆ. ಗೌಡರೂ ನೋಡಿದರು. ಮರುದಿನ ಬೆಳಿಗ್ಗೆ ಬಡಗಿ ಮತ್ತೆ ಬಂದ, ಹೊಸ ಹಲಗೆಯೊಂದಿಗೆ.