ಅಕ್ಕನ ಮನೆಗೆ ಕಳಿಸಿದ ಊಟ

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ನನ್ನ ಫೋನಿಗೆ ಊಟದ ಆ್ಯಪ್, ಕ್ಯಾಬ್ ಆ್ಯಪ್ ಎರಡನ್ನೂ ಹಾಕಿಕೊಟ್ಟ ದಿನ, ಮನೆಯ ವಿಳಾಸವೆಂದು ಈ ಯಾದವಗಿರಿಯ ಮನೆಯನ್ನು ಸೇರಿಸಿದಳು. ಅದರ ಕೆಳಗೆ ಕೆಲಸದ ಜಾಗ ಅಂತ ಇನ್ನೊಂದು ಸಾಲು ಖಾಲಿ ಇತ್ತು.

"ನನಗ್ಯಾವ ಕೆಲಸದ ಜಾಗವೇ, ಬಿಡು" ಅಂದೆ.

"ವಾರಕ್ಕೆರಡು ಸಲ ದೊಡ್ಡಜ್ಜಿ ಮನೆಗೆ ಓಡ್ತೀರಲ್ಲ ಅಜ್ಜಿ, ಅದೇ ನಿಮ್ಮ ಆಫೀಸು" ಎಂದು ನಕ್ಕಳು.

ಮುಂದಿನ ಸಲ ನಾವಿಬ್ಬರೂ ಹೂಟಗಳ್ಳಿಗೆ ಹೋದಾಗ ನನ್ನ ಅಕ್ಕನ, ಅಂದರೆ ನಿಮ್ಮ ದೊಡ್ಡಜ್ಜಿಯ, ಮನೆಯ ಮುಂದೆಯೇ ನಿಂತು, ಮ್ಯಾಪಿನ ಗುರುತನ್ನು ಸರಿಯಾಗಿ ಗೇಟಿನ ಮೇಲೆ ಇಟ್ಟು, ಮನೆ ನಂಬರು ಬರೆದು, ಎರಡೂ ಆ್ಯಪಿನಲ್ಲಿ ಅದನ್ನೇ ಕೆಲಸದ ಜಾಗವೆಂದು ಸೇರಿಸಿಕೊಟ್ಟಳು.

ಅವಳು ಹೇಳಿದ ಎಚ್ಚರಿಕೆಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮಗೆ ಹಣ ಬರುವುದಕ್ಕೆ ಪಿನ್ ಒತ್ತಬೇಕಿಲ್ಲ. ಓಟಿಪಿ ಯಾರಿಗೂ ಹೇಳಬಾರದು. ಕ್ಯಾಬಿನ ಓಟಿಪಿ ಮಾತ್ರ, ಗಾಡಿ ನಂಬರು ನೋಡಿ ಹತ್ತಿದ ಮೇಲೆ ಡ್ರೈವರಿಗೆ ಹೇಳಬಹುದು. ಗುರುತಿಲ್ಲದ ನಂಬರಿನ ಕರೆ ಎತ್ತಲೇಬಾರದು ಎಂಬುದು ಅವಳು ಹೇಳಿದ್ದಲ್ಲ, ನಾನೇ ಸೇರಿಸಿಕೊಂಡದ್ದು. ಹೊಸಬರ ಹತ್ತಿರ ಮಾತಾಡಲು ನನಗೆ ಮೊದಲಿನಿಂದಲೂ ನಾಲಿಗೆ ಏಳುವುದಿಲ್ಲ.

ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಮ್ಮ ಹೋದ ಮೇಲೆ ಒಲೆಯ ಕೆಲಸ ಅವಳ ಪಾಲಿಗೆ ಬಂತು, ಊರಿನ ಶಾಲೆ ನನ್ನ ಪಾಲಿಗೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವಳ ಪಾಲಿನ ರೊಟ್ಟಿಯಲ್ಲಿ ಅರ್ಧ ನನಗೆ ಕಾದಿರುತ್ತಿತ್ತು.

ಆ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಲೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳ ಸೊಸೆಗೆ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ನಾನೇ ಹೋಗಿ ಅಡುಗೆ ಮಾಡುವುದೆಂದು ಮಾತಾಗಿತ್ತು. ಆದರೆ ಮೂರನೇ ದಿನ ನನಗೆ ಕೆಟ್ಟ ನೆಗಡಿ. ಆಪರೇಷನ್ ಆದವಳ ಹತ್ತಿರ ಸೀನುತ್ತಾ ಹೋಗುವುದು ಹೇಗೆ?

ಊಟದ ಆ್ಯಪ್ ತೆರೆದೆ. ವಿಳಾಸದಲ್ಲಿ ಆ 'ಕೆಲಸದ ಜಾಗ'ವನ್ನು ಒತ್ತಿದೆ. ಹೂಟಗಳ್ಳಿಯ ಹತ್ತಿರದ ಹೋಟೆಲುಗಳೇ ಬಂದವು. ಅಕ್ಕನಿಗೆ ಇಷ್ಟವಾದ ಬಿಸಿಬೇಳೆ ಬಾತ್, ಮೊಸರನ್ನ ಆರಿಸಿದೆ. ಹಣದ ಪುಟ ಬಂದಾಗ ಕೈ ನಿಂತಿತು. ಯುಪಿಐ, ಕಾರ್ಡು, ಊಟ ತಲುಪಿದ ಮೇಲೆ ನಗದು. ಮನೆಗೆ ತರಿಸಿದಾಗಲೆಲ್ಲ ನಾವು ನಗದನ್ನೇ ಒತ್ತಿ, ಬಾಗಿಲಲ್ಲಿ ನಾನೇ ಕೊಡುತ್ತಿದ್ದೆ. ಅದೇ ಕ್ಷೇಮ ಎಂದು ಅದನ್ನೇ ಒತ್ತಿದೆ. ಮೋಸ ಹೋಗಬಾರದು ಎಂಬುದೊಂದೇ ತಲೆಯಲ್ಲಿತ್ತು. ಈ ಸಲದ ಬಾಗಿಲು ಯಾರದೆಂದು ಹೊಳೆಯಲೇ ಇಲ್ಲ. ಅಕ್ಕನಿಗೆ ಸಂತೋಷವಾಗಲೆಂದು ಮೊದಲೇ ತಿಳಿಸಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಮೂರು ಸಲ ಬಂತು. ನಾನು ಫೋನನ್ನು ಮಗುಚಿಟ್ಟು ಕೂತೆ.

ನಾಲ್ಕನೆಯದು ಅಕ್ಕನ ಕರೆ.

"ಊಟ ನೀನು ಕಳಿಸಿದ್ದಾ?"

"ಹೂಂ ಅಕ್ಕ. ಬಿಸಿ ಇತ್ತಾ?"

"ಇತ್ತು. ತಂದವನು ದುಡ್ಡು ಕೇಳ್ದ. ನಿನಗೆ ಫೋನ್ ಮಾಡ್ದ, ನೀನು ಎತ್ತಲಿಲ್ಲ. ಮನೇಲಿದ್ದ ಚಿಲ್ಲರೆ ಸಾಲ್ಲಿಲ್ಲ. ಪಾಪ, ಬಿಸಿಲಲ್ಲಿ ನಿಂತಿದ್ದ. ಎದುರುಮನೆಯವಳ ಹತ್ರ ಇಸ್ಕೊಂಡು ಕೊಟ್ಟೆ ಕಣೆ."

ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಅವಳು ಎದುರುಮನೆಗೆ ಹೋಗಿದ್ದಾಳೆ. ಯಾರ ಮುಂದೆಯೂ ಕೈ ಚಾಚದ ನನ್ನ ಅಕ್ಕ.

ನೆಗಡಿಯೆಂದು ಮನೆಯಲ್ಲಿ ಕೂರಲಾಗಲಿಲ್ಲ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಕ್ಯಾಬ್ ಆ್ಯಪಿನಲ್ಲಿ ಮನೆಯಿಂದ ಕೆಲಸದ ಜಾಗಕ್ಕೆ ಎಂದು ಒತ್ತಿದೆ. ಗಾಡಿ ನಂಬರು ನೋಡಿ ಹತ್ತಿದೆ. "ಓಟಿಪಿ ಹೇಳಿ ಅಮ್ಮ" ಎಂದರು ಡ್ರೈವರು. ನೋಟ್‌ಬುಕ್ ನೆನಪಿಸಿಕೊಂಡು ಹೇಳಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಮಾತು ಜೋಡಿಸುತ್ತಿದ್ದೆ.

ಅಕ್ಕ ಒಣ ಅವಲಕ್ಕಿ ತಿನ್ನುತ್ತಾ ಕೂತಿದ್ದಳು.

"ಊಟ ಎಲ್ಲಕ್ಕ?"

"ಎದುರುಮನೆಗೆ ಕೊಟ್ಬುಟ್ಟೆ. ದುಡ್ಡು ಕೊಟ್ಟೋರು ಅವರು, ಊಟವೂ ಅವರದೇ." ಆಮೇಲೆ ಮೆಲ್ಲಗೆ ಅಂದಳು: "ನಿನಗೆ ಇಕ್ಕಿದಾಗ ನಾನು ಯಾವತ್ತಾದ್ರೂ ದುಡ್ಡು ಕೇಳಿದ್ದೆನೇನೆ?"

ಎದುರುಮನೆಗೆ ಹೋಗಿ ಹಣ ಕೊಟ್ಟು ಬಂದೆ. ಅದು ಸುಲಭದ ಕೆಲಸ; ದಾರಿಯಲ್ಲಿ ಜೋಡಿಸಿದ ಮಾತನ್ನು ಅಕ್ಕನ ಮುಂದೆ ಇಡುವುದು ಸುಲಭವಾಗಿರಲಿಲ್ಲ.

ಆಮೇಲೆ ನಿಮ್ಮಲ್ಲಿ ದೊಡ್ಡವಳೇ ನನಗೆ ತಿಳಿಸಿ ಹೇಳಿದಳು: ಆ್ಯಪಿನೊಳಗೆ ನಾವಾಗಿಯೇ, ಹೋಟೆಲಿನ ಹೆಸರು, ಮೊತ್ತ ನೋಡಿ ಪಿನ್ ಒತ್ತಿದರೆ ಹೆದರಬೇಕಿಲ್ಲ, ಬೇರೆಯವರ ಮನೆಗೆ ಕಳಿಸುವಾಗ ಹಣ ಮೊದಲೇ ಕೊಟ್ಟಿರಬೇಕು, ಅವರ ಫೋನ್ ನಂಬರನ್ನೂ ಸೇರಿಸಬೇಕು. ಈಗ ಹಾಗೇ ಮಾಡುತ್ತೇನೆ. ಊಟ ತಂದವರ ಕರೆಯನ್ನೂ ಎತ್ತುತ್ತೇನೆ.

ಅಕ್ಕನ ಕಣ್ಣು ಚೆನ್ನಾಗಿದೆ. ಈಗ ನಾನು ಏನೇ ಮಾಡಿಕೊಂಡು ಹೋಗಲಿ, ತಟ್ಟೆ ಮುಂದಿಟ್ಟರೆ, "ಮೊದಲು ಎಷ್ಟಾಯ್ತು ಹೇಳ್ಬುಡು ಕಣೆ, ಆಮೇಲೆ ತಿಂತೀನಿ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ಆದರೆ ಅವಳ ಮೊದಲ ತುತ್ತು ಬಾಯಿಗೆ ಹೋಗುವ ತನಕ ನನ್ನ ತಟ್ಟೆಗೆ ಕೈ ಹಾಕುವುದಿಲ್ಲ.